ಉರಿಯುವ ಅಂಗಾಲು, ಅರಿಯದ ಅಂಗಾಲು

ಸಕ್ಕರೆ ಕಾಯಿಲೆಯ ಮಾತು ಬಂದಾಗ ಜನ ಕಣ್ಣನ್ನು ನೆನೆಯುತ್ತಾರೆ, ಮೂತ್ರಪಿಂಡವನ್ನು ನೆನೆಯುತ್ತಾರೆ. ಪಾದವನ್ನು ನೆನೆಯುವುದು ಅದು ಹುಣ್ಣಾದ ಮೇಲೆ. ಆದ್ದರಿಂದ ಶ್ರೋತೃಗಳೇ, ಈ ಹೊತ್ತು ಪಾದವೊಂದನ್ನೇ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ದೇಹದ ಅತಿ ಉದ್ದವಾದ ನರಗಳು ಸೊಂಟದ ಬಳಿ ಹೊರಟು ಕಾಲ್ಬೆರಳ ತುದಿಯನ್ನು ಮುಟ್ಟುತ್ತವೆ. ಸುಮಾರು ಒಂದು ಮೀಟರು ಉದ್ದದ ಆ ಎಳೆಗೆ ಬೇಕಾದ ಸಾಮಗ್ರಿಯೆಲ್ಲ ಬಹುಮಟ್ಟಿಗೆ ಮೇಲಿನ ಜೀವಕೋಶದಿಂದಲೇ ಇಳಿದು ಬರಬೇಕು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ನರವೂ ಸೊರಗುತ್ತದೆ, ಅದಕ್ಕೆ ರಕ್ತವೊದಗಿಸುವ ಕಿರುನಾಳಗಳೂ ಕೆಡುತ್ತವೆ. ಕಾಲುವೆಯಲ್ಲಿ ನೀರು ತಗ್ಗಿದಾಗ ಮೊದಲು ಒಣಗುವುದು ತೋಟದ ಕೊನೆಯ ಸಾಲಿನ ತೆಂಗು ತಾನೆ? ಹಾಗೆಯೇ ಈ ಬಾಧೆ ಎರಡೂ ಪಾದಗಳ ಬೆರಳುಗಳಲ್ಲಿ ಒಟ್ಟಿಗೆ ಮೊದಲಾಗಿ, ಕಾಲುಚೀಲ ಎಳೆದಂತೆ ಮೇಲೇರುತ್ತದೆ. ಒಂದೇ ಕಾಲು ಉರಿಯುತ್ತಿದ್ದರೆ ಬೇರೆ ಕಾರಣವನ್ನು ಹುಡುಕಬೇಕು.

ಬಿಳಿಗೆರೆಯ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯವರು, ನನ್ನಲ್ಲಿಗೆ ಬಂದು ಹೇಳಿದ್ದರು: “ರಾತ್ರಿ ಅಂಗಾಲಿಗೆ ಕೆಂಡ ಕಟ್ಟಿದ ಹಾಗಾಗುತ್ತದೆ ಡಾಕ್ಟ್ರೇ. ಹೊದಿಕೆ ತಾಕಿದರೂ ತಡೆಯಲಾರೆ. ಎದ್ದು ಹೋಗಿ ಬಚ್ಚಲ ಕಲ್ಲಿನ ಮೇಲೆ ನಿಲ್ಲುತ್ತೇನೆ.” ಆಮೇಲೆ ಎರಡು ವರ್ಷ ಅವರ ಸುಳಿವಿರಲಿಲ್ಲ. ಮತ್ತೆ ಬಂದಾಗ ಮುಖದಲ್ಲಿ ನಗೆ: “ಉರಿ ತಾನಾಗಿಯೇ ಹೋಯಿತು.” ಜೊತೆಗಿದ್ದ ಅವರ ಮನೆಯವರು ಮಾತ್ರ ಹಜಾರದಲ್ಲಿ ಕಂಡ ರಕ್ತದ ಕಲೆಯ ಮಾತೆತ್ತಿದರು. ನೋಡಿದರೆ ಹಿಮ್ಮಡಿಯಲ್ಲಿ ಕರಟದ ಚೂರು. ಅಂಗಳದಲ್ಲಿ ಉಂಡೆ ಕೊಬ್ಬರಿ ಒಡೆಸಿ ನಾಲ್ಕು ದಿನವಾಗಿತ್ತು. ಆ ನಾಲ್ಕು ದಿನವೂ ಅವರು ಅದನ್ನು ಮೆಟ್ಟಿಕೊಂಡೇ ತಿರುಗಾಡಿದ್ದರು.

ಉರಿ ಎರಡು ಬಗೆಯಲ್ಲಿ ಶಮನವಾಗುತ್ತದೆ. ಸಕ್ಕರೆ ಹತೋಟಿಗೆ ಬಂದು ನರ ಚೇತರಿಸಿಕೊಂಡರೆ ಒಂದು; ಕೂಗುವ ನರವೇ ಸತ್ತುಹೋದರೆ ಇನ್ನೊಂದು. ಯಾವುದೆಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದು ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರಿಂದ ಬಂದಿದೆ. ರೋಗಿ ಕಣ್ಣು ಮುಚ್ಚಿ ಮಲಗಲಿ. ಮನೆಯವರು ತೋರುಬೆರಳಿನಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒಂದೆರಡು ಸೆಕೆಂಡು, ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ಆ ಪಾದಗಳು ಅಪಾಯದಲ್ಲಿವೆ. ನಮ್ಮ ಯಜಮಾನರಿಗೆ ಆರರಲ್ಲಿ ನಾಲ್ಕು ತಿಳಿಯಲಿಲ್ಲ.

ಅವರ ಪಾದ ಬೆಚ್ಚಗಿತ್ತು, ನಾಡಿ ಕೈಗೆ ಸಿಕ್ಕಿತು. ಎಂದರೆ ರಕ್ತ ಹರಿಯುತ್ತಿತ್ತು. ತಣ್ಣಗಾಗಿ ನಾಡಿ ಸಿಗದ ಕಾಲಾಗಿದ್ದರೆ ಮೊದಲು ರಕ್ತನಾಳದ ಚಿಕಿತ್ಸೆ ಬೇಕಾಗುತ್ತಿತ್ತು. ಗಾಯವನ್ನು ಶುಚಿಗೊಳಿಸಿ, ಮೂಳೆಗೆ ಸೋಂಕು ತಗಲಿದೆಯೇ ಎಂದು ಎಕ್ಸ್‌ರೇ ತೆಗೆಸಿ, ಔಷಧ ಕೊಟ್ಟೆವು. ಆದರೆ ವಾಸಿ ಮಾಡಿದ್ದು ಮುಖ್ಯವಾಗಿ ಹಿಮ್ಮಡಿಯ ಮೇಲೆ ಭಾರ ಬೀಳದಂತೆ ವಾರಗಟ್ಟಲೆ ನೋಡಿಕೊಂಡದ್ದು. ನೋವಿರುವವನು ತಾನಾಗಿ ಕುಂಟಿ ಗಾಯವನ್ನು ಉಳಿಸಿಕೊಳ್ಳುತ್ತಾನೆ. ನೋವಿಲ್ಲದವನು ಅದರ ಮೇಲೇ ನಡೆದು ಅದನ್ನು ಆಳಮಾಡುತ್ತಾನೆ. ಈ ಸತ್ಯವನ್ನು ವೆಲ್ಲೂರಿಗೆ 1946ರಲ್ಲಿ ಬಂದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಪಾದಗಳಲ್ಲಿ ಕಂಡುಕೊಂಡರು. ಅವರಿಗಾಗಿ ಬಳಕೆಗೆ ಬಂದ ಮೃದು ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಯೇ ಇಂದು ಮಧುಮೇಹಿಗಳಿಗೂ ಆಸರೆ. ಅದಕ್ಕೆ ಹಿಂಬದಿಯ ಪಟ್ಟಿ ಇರಲೇಬೇಕು; ಮರಗಟ್ಟಿದ ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯದು.

ಉರಿ ಇನ್ನೂ ಇರುವವರಿಗೆ ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ಪ್ರೆಗಾಬಲಿನ್ ಮೊದಲಾದ ಮಾತ್ರೆಗಳುಂಟು. ವೈದ್ಯರು ಇವುಗಳಲ್ಲೊಂದನ್ನು ಅಲ್ಪ ಪ್ರಮಾಣದಲ್ಲಿ ಮೊದಲುಮಾಡಿ, ಕೆಲವು ವಾರ ಕಾದು, ಏರಿಸುತ್ತಾರೆ. ಇವು ಉರಿಯನ್ನು ತಗ್ಗಿಸಬಲ್ಲವು, ನರವನ್ನು ಬದುಕಿಸಲಾರವು. ವಯಸ್ಸಾದವರಿಗೆ ತಲೆಸುತ್ತು, ತೂಕಡಿಕೆ ಬರಬಹುದು. ಹೃದಯದ ತೊಂದರೆಯುಳ್ಳವರು ಅಮಿಟ್ರಿಪ್ಟಿಲಿನ್‌ಗೆ ಮುನ್ನ ಅದನ್ನು ತಿಳಿಸಬೇಕು. ಬಹುಕಾಲ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ-12 ಜೀವಸತ್ವ ತಗ್ಗಿ ಇಂಥದೇ ಜೋಮು ಬರಬಹುದು. ಅದನ್ನು ರಕ್ತಪರೀಕ್ಷೆಯಲ್ಲಿ ಕಂಡು ತುಂಬಿಕೊಡಬಹುದು.

ಉಳಿದದ್ದು ದಿನಚರಿ. ಅಂಗಳದಲ್ಲಿರಲಿ, ಮನೆಯೊಳಗಿರಲಿ, ಬರಿಗಾಲು ಬೇಡ. ಮೆಟ್ಟುವ ಮೊದಲು ಚಪ್ಪಲಿಯೊಳಗೆ ಕೈಯಾಡಿಸಿ. ಉರಿಯೆಂದು ಬಿಸಿನೀರಿನಲ್ಲಿ ಕಾಲು ನೆನೆಹಾಕಬೇಡಿ. ಸ್ನಾನದ ನೀರನ್ನು ಮೊಣಕೈಯಿಂದ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಒಡೆದ ಹಿಮ್ಮಡಿಗೆ ತೆಂಗಿನೆಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಅಲ್ಲಿ ತೇವ ನಿಂತು ಚರ್ಮ ಕೊಳೆಯುತ್ತದೆ. ದೀಪ ಹಚ್ಚುವ ಹೊತ್ತಿಗೆ ಅಂಗಾಲನ್ನು ಕನ್ನಡಿಯಲ್ಲಿಯೋ ಮನೆಯವರ ಕಣ್ಣಿನಲ್ಲಿಯೋ ನೋಡಿಸಿ. ಕೆಂಪು, ಬೊಬ್ಬೆ, ಬಿರುಕು, ಬಾವು ಕಂಡರೆ ನೋವಿಲ್ಲವೆಂದು ಸುಮ್ಮನಿರದೆ ಅಂದೋ ಮರುದಿನವೋ ವೈದ್ಯರಿಗೆ ತೋರಿಸಿ. ಸುದ್ದಿ ತರುತ್ತಿದ್ದ ನರ ಮೌನವಾದ ಮೇಲೆ ಆ ಕೆಲಸವನ್ನು ಕಣ್ಣೇ ಮಾಡಬೇಕು.