ಹದಿನೈದು ಸೆಕೆಂಡಿನ ಕೊಳವೆ

ನಾನು ಇಲ್ಲಿನ ಒಂದು ಡೇರಿಯಲ್ಲಿ ಪಾಶ್ಚರೈಸರ್ ನೋಡ್ಕೊಳ್ಳೋನು. ಅದಕ್ಕೇ ರೂಮಿನಲ್ಲಿ ಎಲ್ಲರೂ ನನ್ನನ್ನ ಕೇಳೋದು ಒಂದೇ: "ಪ್ಯಾಕೆಟ್ ಹಾಲನ್ನ ಕಾಯಿಸಬೇಕಾ, ಬೇಡ್ವಾ?" ಉತ್ತರ ಕೊಡೋ ಮುಂಚೆ ಡೇರಿಯಲ್ಲಿ ಏನಾಗುತ್ತೆ ಅಂತ ಹೇಳ್ತೀನಿ.

ಪಾಶ್ಚರೀಕರಣ ಅಂದರೆ ಹಾಲನ್ನು ಕುದಿಸುವುದಲ್ಲ. ಕ್ಷಯ, ಟೈಫಾಯ್ಡ್ ತರುವಂಥ ರೋಗಾಣುಗಳು ಸಾಯುವಷ್ಟು ಮಾತ್ರ ಶಾಖ ಕೊಡುವುದು. ಇದರಲ್ಲಿ ಶಾಖ, ಸಮಯ ಎರಡೂ ಜೋಡೆತ್ತು. ಸಣ್ಣ ಡೇರಿಯವರು ತೊಟ್ಟಿಯಲ್ಲಿ 63 ಡಿಗ್ರಿಗೆ ಕಾಯಿಸಿ 30 ನಿಮಿಷ ಹಾಗೇ ಇಡ್ತಾರೆ. ದೊಡ್ಡ ಡೇರಿಗಳಲ್ಲಿ ಹಾಲು ಹರಿಯುತ್ತಲೇ 72 ಡಿಗ್ರಿಗೆ ಏರಿ 15 ಸೆಕೆಂಡು ಅಲ್ಲೇ ಇರುತ್ತೆ. ಒಂಬತ್ತು ಡಿಗ್ರಿ ಹೆಚ್ಚಾದರೆ ಅರ್ಧ ಗಂಟೆ ಕೆಲಸ ಕಾಲು ನಿಮಿಷಕ್ಕೆ ಇಳಿಯುತ್ತೆ!

ಹರಿಯೋ ಹಾಲಿಗೆ 15 ಸೆಕೆಂಡು ಅಳೆಯೋದು ಹೇಗೆ? ಗಡಿಯಾರದಿಂದಲ್ಲ, ಕೊಳವೆಯ ಉದ್ದದಿಂದ. ಗಂಟೆಗೆ 10,000 ಲೀಟರ್ ಅಂದರೆ ಸೆಕೆಂಡಿಗೆ ಸುಮಾರು 2.8 ಲೀಟರ್. 15 ಸೆಕೆಂಡಿಗೆ ಸುಮಾರು 42 ಲೀಟರ್. ಅಷ್ಟು ಹಾಲು ಹಿಡಿಯುವಂತೆ, ಒಳಗೆ 5 ಸೆಂಟಿಮೀಟರ್ ಅಗಲದ ಕೊಳವೆ ಸುಮಾರು 21 ಮೀಟರ್ ಬೇಕು. ಕೊಳವೆಯ ನಡುವಿನ ಹಾಲು ಅಂಚಿನದಕ್ಕಿಂತ ಬೇಗ ಓಡುವುದರಿಂದ ಇನ್ನೂ ಸ್ವಲ್ಪ ಉದ್ದ ಇಡ್ತಾರೆ.

ಈಗ ಯಾರೋ ಅವಸರಕ್ಕೆ ಪಂಪಿನ ವೇಗ ಏರಿಸಿ 12,000 ಲೀಟರ್ ಹರಿಸಿದರು ಅಂದ್ಕೊಳ್ಳಿ. ಮೀಟರ್ 72 ಅಂತಲೇ ತೋರಿಸುತ್ತೆ. ಆದರೆ ಹಾಲು ಕೊಳವೆಯಲ್ಲಿ ಇರೋದು ಹನ್ನೆರಡೂವರೆ ಸೆಕೆಂಡು ಮಾತ್ರ. ಅದಕ್ಕೇ ವೇಗದ ಮಿತಿಗೆ ಸೀಲ್ ಹಾಕಿರ್ತಾರೆ. ಶಾಖ ಕಮ್ಮಿಯಾದರೆ ಕೊಳವೆಯ ತುದಿಯ ವಾಲ್ವ್ ತಾನೇ ತಿರುಗಿ ಹಾಲನ್ನು ವಾಪಸ್ ಕಳಿಸುತ್ತೆ.

ಇಷ್ಟಾದರೂ ಲ್ಯಾಬಿನಲ್ಲಿ ಇನ್ನೊಂದು ಪರೀಕ್ಷೆ ಇದೆ. ಹಸಿ ಹಾಲಿನಲ್ಲಿ ಫಾಸ್ಫಟೇಸ್ ಅನ್ನೋ ಕಿಣ್ವ ಇರುತ್ತೆ. ಅದು ಕೆಡೋಕೆ ರೋಗಾಣು ಸಾಯೋದಕ್ಕಿಂತ ಸ್ವಲ್ಪ ಹೆಚ್ಚೇ ಶಾಖ ಬೇಕು. ಪರೀಕ್ಷೆಯ ದ್ರಾವಣ ಹಾಕಿದಾಗ ಹಳದಿ ಬಣ್ಣ ಬಂತು ಅಂದರೆ ಕಿಣ್ವ ಇನ್ನೂ ಇದೆ: ಶಾಖ ಸಾಲಲಿಲ್ಲ, ಇಲ್ಲವೇ ಎಲ್ಲೋ ಹಸಿ ಹಾಲು ಬೆರೆತಿದೆ.

ಅಂಗಡಿಯಲ್ಲಿ ಫ್ರಿಜ್ಜಿನ ಹೊರಗೆ ತಿಂಗಳುಗಟ್ಟಲೆ ಇರೋ ಡಬ್ಬಿ ಹಾಲಿನ ಕಥೆ ಬೇರೆ. ಅದನ್ನು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಸೂಕ್ಷ್ಮಾಣು ಸೇರದಂತೆ ಡಬ್ಬಿಗೆ ತುಂಬಿರ್ತಾರೆ. 72 ಡಿಗ್ರಿ ಹಾಲಿನಲ್ಲಿ ಕೆಲವು ಸೂಕ್ಷ್ಮಾಣು ಬದುಕುಳಿದಿರುತ್ತವೆ. ತಂಪಿನಲ್ಲಿಟ್ಟರೆ ಅವು ನಿಧಾನವಾಗಿ ಬೆಳೆಯುತ್ತವೆ, ಅಷ್ಟೆ.

ಹಾಗಾಗಿ ನನ್ನ ಉತ್ತರ: ಅಂಗಡಿಯಿಂದ ಮನೆವರೆಗೂ ತಂಪಾಗೇ ಬಂದ ಪಾಶ್ಚರೀಕರಿಸಿದ ಹಾಲನ್ನು ಕಾಯಿಸಲೇಬೇಕೆಂದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಂಟೆಗಟ್ಟಲೆ ಮರೆತ ಪ್ಯಾಕೆಟ್ ಆದರೆ, ಕಾಯಿಸಿ ಉಳಿಸ್ಕೊಳ್ಳೋಣ ಅನ್ಬೇಡಿ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗಲ್ಲ. ಚೆಲ್ಲಿಬಿಡಿ.