ತಾಮ್ರದ ತೊಟ್ಟಿಯ ತಳದಲ್ಲಿ ಕೂರುವ ಕಪ್ಪು ಕೆಸರು

ಇವತ್ತು ತಾಮ್ರದ ವಿದ್ಯುತ್ ಶುದ್ಧೀಕರಣದ ಬಗ್ಗೆ ಮಾತಾಡೋಣ. ಪಿಯುಸಿ ಕೆಮಿಸ್ಟ್ರಿಯಲ್ಲಿ ಎರಡು ಮಾರ್ಕಿಗೆ ಓದಿದ್ದು ನೆನಪಿರಬಹುದು: ಅಶುದ್ಧ ತಾಮ್ರ ಆನೋಡ್, ಶುದ್ಧ ತಾಮ್ರ ಕ್ಯಾಥೋಡ್, ಕೆಳಗೆ ಆನೋಡ್ ಕೆಸರು. ನಾವು ಅಲ್ಲಿಗೇ ಪುಸ್ತಕ ಮುಚ್ಚಿಬಿಡ್ತಿದ್ವಿ. ನಿಜವಾದ ಕತೆ ಆ ಕೆಸರಿನಲ್ಲೇ ಇದೆ.

ಕುಲುಮೆಯಿಂದ ಬರುವ ತಾಮ್ರ ಸುಮಾರು 99 ರಿಂದ 99.5 ಶೇಕಡಾ ಶುದ್ಧ. ಸಾಕಲ್ಲವಾ ಅನ್ನಿಸುತ್ತೆ. ಆದರೆ ವಿದ್ಯುತ್ ತಂತಿಗೆ ಅದು ಸಾಲದು, 99.99 ಬೇಕು. ಹಾಗಾಗಿ ಅದನ್ನ ಮುನ್ನೂರು, ನಾನೂರು ಕಿಲೋ ತೂಗುವ ಚಪ್ಪಡಿಗಳಾಗಿ ಎರಕ ಹೊಯ್ದು ತೊಟ್ಟಿಯಲ್ಲಿ ನೇತುಹಾಕುತ್ತಾರೆ. ಇವೇ ಆನೋಡ್‌ಗಳು. ತೊಟ್ಟಿಯಲ್ಲಿರೋದು ಗಂಧಕಾಮ್ಲ ಬೆರೆಸಿದ ಮೈಲುತುತ್ತದ ದ್ರಾವಣ. ಹೌದು, ನಮ್ಮ ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುವ ಅದೇ ಮೈಲುತುತ್ತ. ಅದನ್ನ ಸುಮಾರು 60 ಡಿಗ್ರಿ ಬಿಸಿಯಲ್ಲಿ ಇಟ್ಟಿರುತ್ತಾರೆ.

ಕರೆಂಟ್ ಹರಿಸಿದರೆ ಆನೋಡಿನ ತಾಮ್ರ ಅಯಾನಾಗಿ ಕರಗುತ್ತೆ, ಎದುರಿನ ಕ್ಯಾಥೋಡ್ ಮೇಲೆ ಮತ್ತೆ ತಾಮ್ರವಾಗಿ ಕೂರುತ್ತೆ. ಒಂದು ಕಡೆ ಕರಗೋದೂ ತಾಮ್ರ, ಇನ್ನೊಂದು ಕಡೆ ಕೂರೋದೂ ತಾಮ್ರ. ಹಾಗಾಗಿ ಒಟ್ಟು ಲೆಕ್ಕದಲ್ಲಿ ರಾಸಾಯನಿಕ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದ್ರಾವಣದ ತಡೆ ಮೀರೋಕೆ ಬೇಕಾದಷ್ಟು ವೋಲ್ಟೇಜ್ ಕೊಟ್ಟರೆ ಸಾಕು, ಅಂದರೆ ಸುಮಾರು 0.3 ವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲಿನದೇ 1.5 ವೋಲ್ಟ್!

ಈ ಕಡಿಮೆ ವೋಲ್ಟೇಜೇ ಇಲ್ಲಿ ಜರಡಿ. ಕಬ್ಬಿಣ, ನಿಕ್ಕಲ್, ಸತುವು ತಾಮ್ರಕ್ಕಿಂತ ಸುಲಭವಾಗಿ ಕರಗುತ್ತವೆ. ಕರಗಿದ ಮೇಲೆ ಲೋಹವಾಗಿ ವಾಪಸ್ ಬರೋದು ಅವಕ್ಕೆ ತಾಮ್ರಕ್ಕಿಂತ ಕಷ್ಟ, ಹಾಗಾಗಿ ದ್ರಾವಣದಲ್ಲೇ ಉಳಿದುಬಿಡುತ್ತವೆ. ದಿನ ಕಳೆದಂತೆ ಅವು ಹೆಚ್ಚುತ್ತವೆ, ಅದಕ್ಕೇ ದ್ರಾವಣದ ಒಂದು ಪಾಲನ್ನ ಆಗಾಗ ಹೊರತೆಗೆದು ಶುದ್ಧಮಾಡುತ್ತಾರೆ. ಚಿನ್ನ, ಪ್ಲಾಟಿನಂ ಇದಕ್ಕೆ ತದ್ವಿರುದ್ಧ. ಈ ವೋಲ್ಟೇಜಿಗೆ ಅವು ಜಗ್ಗೋದೇ ಇಲ್ಲ. ಸುತ್ತಲಿನ ತಾಮ್ರ ಕರಗಿ ಹೋದಾಗ ಹಿಡಿದುಕೊಳ್ಳೋಕೆ ಏನೂ ಇಲ್ಲದೆ ಪುಡಿಯಾಗಿ ಉದುರುತ್ತವೆ. ಬೆಳ್ಳಿ ಹೆಚ್ಚಾಗಿ ಸೆಲೆನಿಯಂ ಜೊತೆ ಸೇರಿಕೊಂಡು ಬೀಳುತ್ತೆ. ಸ್ವಲ್ಪ ಕರಗಿದರೂ ದ್ರಾವಣಕ್ಕೆ ಬೆರೆಸಿದ ಕ್ಲೋರೈಡ್ ಅದನ್ನ ಹಿಡಿದು ಕೆಳಗಿಳಿಸುತ್ತೆ. ಸೀಸ ಗಂಧಕಾಮ್ಲದ ಜೊತೆ ಸೇರಿ ಕರಗದ ಸಲ್ಫೇಟ್ ಆಗುತ್ತೆ. ಇವೆಲ್ಲ ಸೇರಿದ ಕಪ್ಪು ಮಣ್ಣೇ ಆನೋಡ್ ಕೆಸರು.

ಈಗ ಒಂದು ಲೆಕ್ಕ ಹಾಕೋಣ. ಒಂದು ಟನ್ ಆನೋಡಿನಲ್ಲಿ 30 ಗ್ರಾಂ ಚಿನ್ನ, 600 ಗ್ರಾಂ ಬೆಳ್ಳಿ ಇದೆ ಅಂದುಕೊಳ್ಳಿ. ಟನ್ನಿಗೆ 5 ಕಿಲೋ ಕೆಸರು ಬೀಳುತ್ತೆ ಅಂತಿಟ್ಟುಕೊಳ್ಳಿ. ಅಂದರೆ ಇಡೀ ಟನ್ನಿನಲ್ಲಿ ಹರಡಿಕೊಂಡಿದ್ದ ಚಿನ್ನ 5 ಕಿಲೋದೊಳಗೆ ಬಂತು, ಇನ್ನೂರು ಪಟ್ಟು ದಟ್ಟವಾಯ್ತು. ಒಂದು ಟನ್ ಕೆಸರಿನ ಲೆಕ್ಕದಲ್ಲಿ 6 ಕಿಲೋ ಚಿನ್ನ, 120 ಕಿಲೋ ಬೆಳ್ಳಿ. ನಮ್ಮ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಪುಡಿಮಾಡಿದರೆ ಸಿಗೋದು ಕೆಲವೇ ಗ್ರಾಂ ಚಿನ್ನ.

ಆದರೆ ಇದೇ ಕೆಸರು ತೊಂದರೆಯನ್ನೂ ಕೊಡುತ್ತೆ. ದ್ರಾವಣ ಜೋರಾಗಿ ಹರಿದರೆ ಕೆಸರು ಕದಡಿ ತೇಲುತ್ತೆ, ಕಣಗಳು ಕ್ಯಾಥೋಡಿಗೆ ಅಂಟುತ್ತವೆ. ಅಂಟಿದ ಜಾಗದಲ್ಲಿ ತಾಮ್ರ ಗಂಟುಗಂಟಾಗಿ ಬೆಳೆದು ಆನೋಡಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಆ ಜಾಗ ಬಿಸಿಯಾಗುತ್ತೆ, ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಕಾಣಿಸುತ್ತೆ. ಇನ್ನೊಂದು ಸುಳಿವು ಬೆಳ್ಳಿ. ಕ್ಯಾಥೋಡ್ ಪರೀಕ್ಷೆಯಲ್ಲಿ ಬೆಳ್ಳಿ ಏರಿದರೆ ಕೆಸರು ಒಳಗೆ ಸಿಕ್ಕಿಕೊಂಡಿರಬಹುದು ಅಂತ ಅನುಮಾನ. ಒಂದೇ ಏಟಿಗೆ ಎರಡು ನಷ್ಟ: ತಾಮ್ರದ ಗುಣಮಟ್ಟ ಹೋಯ್ತು, ಬೆಳ್ಳಿ ತಾಮ್ರದ ಬೆಲೆಗೆ ಮಾರಿಹೋಯ್ತು.

ತೊಟ್ಟಿಯಿಂದ ತೆಗೆದ ಕೆಸರನ್ನ ತೊಳೆದು, ಅದರಲ್ಲಿ ಉಳಿದ ತಾಮ್ರವನ್ನ ಆಮ್ಲದಲ್ಲಿ ಕರಗಿಸಿ ತೆಗೆಯುತ್ತಾರೆ. ಹುರಿದರೆ ಸೆಲೆನಿಯಂ ಆವಿಯಾಗಿ ಬೇರೆಯಾಗುತ್ತೆ. ಮಿಕ್ಕಿದ್ದನ್ನ ಕರಗಿಸಿದರೆ ಬೆಳ್ಳಿ, ಚಿನ್ನ ಬೆರೆತ ಗಟ್ಟಿ ಸಿಗುತ್ತೆ. ಆಮೇಲೆ ಮತ್ತದೇ ಆಟ: ಈ ಗಟ್ಟಿಯನ್ನೇ ಆನೋಡ್ ಮಾಡಿ ಬೆಳ್ಳಿಯ ದ್ರಾವಣದಲ್ಲಿ ಇಳಿಸುತ್ತಾರೆ. ಬೆಳ್ಳಿ ಕರಗಿ ಆ ಕಡೆ ಹೋಗುತ್ತೆ, ಚಿನ್ನ ಈ ಕಡೆ ಕೆಸರಾಗಿ ಉಳಿಯುತ್ತೆ. ಗುಜರಾತಿನ ದಹೇಜ್‌ನಲ್ಲಿರುವ ತಾಮ್ರದ ಕಾರ್ಖಾನೆ ಹೀಗೆ ಚಿನ್ನ, ಬೆಳ್ಳಿಯನ್ನೂ ತಯಾರಿಸುತ್ತೆ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಜಗತ್ತಿನ ಸೆಲೆನಿಯಂ, ಟೆಲ್ಲೂರಿಯಂ ಬಹುಪಾಲು ಬರೋದು ಈ ಕೆಸರಿನಿಂದಲೇ. ಕೆಲವು ಬಗೆಯ ಸೋಲಾರ್ ಪ್ಯಾನೆಲ್‌ಗೆ ಟೆಲ್ಲೂರಿಯಂ ಬೇಕೇ ಬೇಕು. ಆದರೆ ಟೆಲ್ಲೂರಿಯಂ ರೇಟು ಏರಿತು ಅಂತ ಯಾರೂ ಅದಕ್ಕೋಸ್ಕರ ಹೊಸ ತಾಮ್ರದ ಗಣಿ ತೋಡಲ್ಲ. ತಾಮ್ರ ಎಷ್ಟು ಶುದ್ಧಿಯಾಗುತ್ತೋ, ಕೆಸರೂ ಅಷ್ಟೇ.