ಸ್ವರ ತಿದ್ದಿ, ಕಂಪನ ಬಿಡಿ

ಪುಣೆಯ ನಮ್ಮ ಫ್ಲ್ಯಾಟಲ್ಲೇ ಅಕ್ಕನ ಭಾವಗೀತೆ ರೆಕಾರ್ಡ್ ಮಾಡಿದ್ವಿ. ಸಾಲಿನ ಕೊನೆಯ ಉದ್ದ ಸ್ವರ ಶುರುವಲ್ಲಿ ಸರಿಯಿತ್ತು, ಉಸಿರು ಮುಗೀತಾ ಬಂದಂತೆ ಸುಮಾರು 30 ಸೆಂಟ್ ಕೆಳಗೆ ಜಾರಿತ್ತು. ಅರ್ಧ ಸ್ವರ ಅಂದ್ರೆ 100 ಸೆಂಟ್. ಹಾಗಾಗಿ ಕಿವಿಗೆ ಚುಚ್ಚುತ್ತಿತ್ತು.

ಮೊದಲು ಆಟೋ-ಟ್ಯೂನಲ್ಲಿ ರೀಟ್ಯೂನ್ ಸ್ಪೀಡನ್ನ ಸೊನ್ನೆಗಿಟ್ಟೆ. ಶ್ರುತಿ ಕೂತಿತು, ಆದರೆ ಸೆಕೆಂಡಿಗೆ ಐದಾರು ಸಲ ತೂಗುತ್ತಿದ್ದ ವೈಬ್ರಾಟೋನೂ ಚಪ್ಪಟೆಯಾಯ್ತು. ಅಷ್ಟು ವೇಗದಲ್ಲಿ ಸಾಫ್ಟ್‌ವೇರಿಗೆ ಅದೂ ತಪ್ಪೇ. "ಇದು ನನ್ ದನಿ ಅಲ್ಲ ಕಣೋ" ಅಂದ್ಳು ಅಕ್ಕ.

ಮೆಲೊಡೈನಲ್ಲಿ ನಿಧಾನದ ಜಾರಿಕೆಗೂ ವೇಗದ ಕಂಪನಕ್ಕೂ ಬೇರೆ ಬೇರೆ ಟೂಲ್ ಇವೆ. Pitch Drift ಅನ್ನ ಮುಕ್ಕಾಲು ಭಾಗ ಇಳಿಸಿದೆ, Pitch Modulation ಮುಟ್ಟಲೇ ಇಲ್ಲ. ಜಾರಿಕೆ ನೇರವಾದಾಗ ಇಡೀ ಸ್ವರ ಸ್ವಲ್ಪ ಕೆಳಗೇ ನಿಲ್ಲುತ್ತೆ, ಅದನ್ನ ಕೈಯಿಂದಲೇ ಮೇಲೆತ್ತಿದೆ. ಉಳಿದ ಕಾಲು ಭಾಗ ಬೇಕಂತಲೇ ಬಿಟ್ಟೆ. ಅಲ್ಲಿ ಅವಳ ಉಸಿರಿದೆ.